14ನೇ ಸ್ಲೈಡ್: 88 ದಿನ ಎಲ್ಲಿಂದ ಬಂತು?

ಸುಮಾ ಅವರೇ, ನಮಸ್ಕಾರ.

ಶನಿವಾರದ ಕ್ಲಾಸಿನ 14ನೇ ಸ್ಲೈಡಿನಲ್ಲಿದ್ದ ಮನೆ ಕಟ್ಟುವ ಕೆಲಸಗಳ ಚಾರ್ಟ್ ಬಗ್ಗೆ ನೀವು ಕೇಳಿದ ಪ್ರಶ್ನೆ ತುಂಬಾ ಚೆನ್ನಾಗಿತ್ತು. ಸೈಟಲ್ಲಿ ಯಾರೂ ಕೆಲಸ ಮಾಡದ ಕ್ಯೂರಿಂಗ್ ಪಟ್ಟಿ ಕೆಂಪು, ನುರಿತ ಎಲೆಕ್ಟ್ರಿಷಿಯನ್ ಬೇಕಾದ ವೈರಿಂಗ್ ಪಟ್ಟಿ ಮಾತ್ರ ನೀಲಿ, ಯಾಕೆ? ಹಗಲು ಆಫೀಸ್ ಮುಗಿಸಿ ಓದುವವರು ನೀವು. ಹಾಗಾಗಿ ಬಿಡುವಾದಾಗ ಸ್ಲೈಡ್ ಪಕ್ಕದಲ್ಲಿಟ್ಟುಕೊಂಡು ಓದಲಿ ಅಂತ ಬರೆದು ಕಳಿಸುತ್ತಿದ್ದೇನೆ.

ಮೊದಲು ಚಾರ್ಟ್ ಓದುವ ಬಗೆ. ಎಡಗಡೆ ಕೆಲಸಗಳ ಹೆಸರು, ಮೇಲ್ಗಡೆ ದಿನಗಳು. ಪಟ್ಟಿ ಎಲ್ಲಿ ಶುರುವಾಗುತ್ತದೋ ಅಂದು ಕೆಲಸ ಶುರು, ಎಲ್ಲಿ ನಿಲ್ಲುತ್ತದೋ ಅಂದು ಮುಗಿತು. ಇದಕ್ಕೆ ಗ್ಯಾಂಟ್ ಚಾರ್ಟ್ ಅನ್ನುತ್ತಾರೆ, ಹೆನ್ರಿ ಗ್ಯಾಂಟ್ ಅನ್ನುವ ಎಂಜಿನಿಯರ್ ಹೆಸರು ಅದು. ಪಟ್ಟಿಗಳ ನಡುವಿನ ಬಾಣಗಳನ್ನು ಬಿಡದೆ ನೋಡಿ. ‘ಇದು ಮುಗಿಯದೆ ಅದು ಶುರುವಾಗಲ್ಲ’ ಅನ್ನುವುದನ್ನು ಹೇಳುವುದು ಅವೇ.

ನಮ್ಮ ಉದಾಹರಣೆ ಒಂದಂತಸ್ತಿನ ಚಿಕ್ಕ ಮನೆ. ಪಾಯಕ್ಕೆ 15 ದಿನ. ಆಮೇಲೆ ಗೋಡೆಗೆ 20, ಅಂದರೆ 35ನೇ ದಿನ ಗೋಡೆ ಮುಗಿಯುತ್ತದೆ. ಅಲ್ಲಿಂದ ದಾರಿ ಮೂರಾಗಿ ಒಡೆಯುತ್ತದೆ:

ಒಂದು, ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ ಮೋಲ್ಡ್ ಹಾಕಲು 10 ದಿನ, ನಂತರ ಕ್ಯೂರಿಂಗ್ ಮಾಡಿ ಸೆಂಟ್ರಿಂಗ್ ಬಿಚ್ಚಲು 14 ದಿನ.
ಇನ್ನೊಂದು, ಗೋಡೆಯಲ್ಲಿ ಬಿಟ್ಟ ಜಾಗ ಅಳೆದು ಬಾಗಿಲು, ಕಿಟಕಿ ಮಾಡಿಸಿ ಚೌಕಟ್ಟು ನಿಲ್ಲಿಸಲು 18 ದಿನ.
ಮತ್ತೊಂದು, ಗೋಡೆ ಕೊರೆದು ವೈರಿಂಗ್ ಪೈಪ್ ಕೂರಿಸಲು 8 ದಿನ.

ಈ ಮೂರೂ ಮುಗಿದ ಮೇಲೆಯೇ ಒಳಗಡೆ ಪ್ಲಾಸ್ಟರಿಂಗ್, 12 ದಿನ. ಆಮೇಲೆ ನೆಲಕ್ಕೆ 10, ಬಣ್ಣಕ್ಕೆ 7.

ಈಗ 35ನೇ ದಿನದಿಂದ ಲೆಕ್ಕ ಹಾಕಿ. ವೈರಿಂಗ್ 43ಕ್ಕೆ ಮುಗಿಯುತ್ತದೆ, ಬಾಗಿಲು 53ಕ್ಕೆ, ಕ್ಯೂರಿಂಗ್ 59ಕ್ಕೆ. ಪ್ಲಾಸ್ಟರಿಂಗ್ ಯಾರಿಗಾಗಿ ಕಾಯಬೇಕು? ಕೊನೆಗೆ ಬರುವ ಕ್ಯೂರಿಂಗ್‌ಗೆ, ಅಲ್ವಾ? ಹಾಗಾಗಿ ಅದು ಶುರುವಾಗುವುದು 60ನೇ ದಿನ, ಮನೆ ಮುಗಿಯುವುದು 88ನೇ ದಿನ. ಪಾಯ, ಗೋಡೆ, ಮೋಲ್ಡ್, ಕ್ಯೂರಿಂಗ್, ಪ್ಲಾಸ್ಟರಿಂಗ್, ನೆಲ, ಬಣ್ಣ: ಇದೇ ಎಲ್ಲಕ್ಕಿಂತ ಉದ್ದದ ದಾರಿ. ಇದಕ್ಕೇ ಕ್ರಿಟಿಕಲ್ ಪಾತ್ ಅನ್ನುವುದು, ಚಾರ್ಟಿನಲ್ಲಿ ಕೆಂಪು ಪಟ್ಟಿಗಳು ಇವೇ. ಹೆಸರು ಕೇಳಿ ‘ಬಹಳ ಮುಖ್ಯವಾದ ಕೆಲಸಗಳು’ ಅಂದುಕೊಳ್ಳುವವರೇ ಜಾಸ್ತಿ. ಕಷ್ಟ, ಖರ್ಚು, ಕೌಶಲ ಯಾವುದನ್ನೂ ಈ ದಾರಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬರೀ ದಿನ ನೋಡುತ್ತದೆ. ಕ್ಯೂರಿಂಗ್‌ನಲ್ಲಿ ನೀರು ಹಾಕುವವರು ಬಿಟ್ಟರೆ ಸೈಟ್ ಖಾಲಿ ಕಾಣುತ್ತದೆ, ನಿಜ. ಆದರೆ ಕಾಂಕ್ರೀಟ್ ಗಟ್ಟಿಯಾಗುವ ಮುಂಚೆ ಸೆಂಟ್ರಿಂಗ್ ಬಿಚ್ಚಿದರೆ ಛಾವಣಿಯೇ ಅಪಾಯಕ್ಕೆ ಸಿಕ್ಕಿಬೀಳುತ್ತದೆ. ಆ 14 ದಿನದಲ್ಲಿ ಒಂದು ದಿನವನ್ನೂ ಸುಮ್ನೆ ಕತ್ತರಿಸೋಕಾಗಲ್ಲ.

ಇನ್ನು ನೀಲಿ ಪಟ್ಟಿಗಳ ಬಾಲದಲ್ಲಿರುವ ಚುಕ್ಕಿ ಗೆರೆ. ಅದು ಫ್ಲೋಟ್, ಅಂದರೆ ಮನೆ ಮುಗಿಯುವ ದಿನ ಕೆಡದಂತೆ ಆ ಕೆಲಸ ಎಷ್ಟು ತಡವಾಗಬಹುದು ಅನ್ನುವುದು. ವೈರಿಂಗ್‌ಗೆ 59ರಲ್ಲಿ 43 ಕಳೆದರೆ 16 ದಿನ, ಬಾಗಿಲಿಗೆ 6 ದಿನ. ಕೆಂಪು ಪಟ್ಟಿಗಳಿಗೆ ಸೊನ್ನೆ. ಎಲೆಕ್ಟ್ರಿಷಿಯನ್ 10 ದಿನ ತಡವಾಗಿ ಬಂದರೂ 88 ಅಲ್ಲಾಡುವುದಿಲ್ಲ. ಗೋಡೆ ಕಟ್ಟುವವರು ಒಂದೇ ದಿನ ತಡ ಮಾಡಿದರೂ 89 ಆಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫ್ಲೋಟ್ ಇದೆ ಅಂತ ಆ ಕೆಲಸವನ್ನು ಮರೆತುಬಿಡಬೇಡಿ. ಬಡಗಿ 9 ದಿನ ತಡ ಮಾಡಿದರು ಅಂದುಕೊಳ್ಳಿ. ಬಾಗಿಲು ನಿಲ್ಲುವುದು 62ನೇ ದಿನ. ಈಗ ಪ್ಲಾಸ್ಟರಿಂಗ್ ಕಾಯುವುದು ಬಾಗಿಲಿಗೆ, ಮನೆ ಮುಗಿಯುವುದು 91ಕ್ಕೆ. ಕೆಂಪು ಬಣ್ಣ ಬಾಗಿಲಿನ ಪಟ್ಟಿಗೆ ಹೋಗುತ್ತದೆ, ಮೋಲ್ಡ್ ಮತ್ತು ಕ್ಯೂರಿಂಗ್‌ಗೆ 3 ದಿನದ ಫ್ಲೋಟ್ ಸಿಗುತ್ತದೆ. ಅದಕ್ಕೇ ನಾನು ವಾರಕ್ಕೊಮ್ಮೆಯಾದರೂ ಲೆಕ್ಕ ಮತ್ತೆ ಹಾಕಿ ಅಂತ ಹೇಳುವುದು. ಮೊದಲ ದಿನ ಬರೆದ ಚಾರ್ಟನ್ನು ಗೋಡೆಗೆ ಅಂಟಿಸಿ ಬಿಟ್ಟರೆ ಕೆಂಪು ಬಣ್ಣ ತಪ್ಪು ಕೆಲಸದ ಮೇಲೆ ಕೂತಿರುತ್ತದೆ.

ಬೇಗ ಮುಗಿಸಬೇಕು ಅಂದಾಗಲೂ ಇದೇ ಲೆಕ್ಕ. ಮೋಲ್ಡ್‌ಗೆ ಜಾಸ್ತಿ ಆಳು ಹಾಕಿ 10 ದಿನವನ್ನು 7ಕ್ಕೆ ಇಳಿಸಿದರೆ ಮನೆ 85ಕ್ಕೆ ಮುಗಿಯುತ್ತದೆ. 2ಕ್ಕೇ ಇಳಿಸಿದೆವು ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. 8 ದಿನ ಉಳಿಯುತ್ತದೆ ಅನಿಸುತ್ತದೆ, ಆದರೆ ಉಳಿಯುವುದು 6 ಮಾತ್ರ. ಯಾಕೆಂದರೆ ಬಾಗಿಲು 53ಕ್ಕೇ ಬರುವುದು. ವೈರಿಂಗ್‌ಗೆ ಎಷ್ಟು ಜನ ಹಾಕಿದರೂ ಒಂದು ದಿನವೂ ಉಳಿಯುವುದಿಲ್ಲ.

ಮುಂದಿನ ಶನಿವಾರಕ್ಕೆ ಒಂದು ಲೆಕ್ಕ ಮಾಡಿಕೊಂಡು ಬನ್ನಿ. ನೆಲದ ಟೈಲ್ಸ್ ಆರ್ಡರ್ ಕೊಟ್ಟರೆ ಆ ದಿನವೂ ಸೇರಿ ಸೈಟಿಗೆ ಬರಲು 30 ದಿನ ಬೇಕು. ನೆಲದ ಕೆಲಸ ಶುರುವಾಗುವ ಹಿಂದಿನ ದಿನವೇ ಟೈಲ್ಸ್ ಬಂದಿರಬೇಕು. 88 ಕೆಡದಂತೆ ಆರ್ಡರ್ ಕೊಡಲು ಕೊನೆಯ ದಿನ ಯಾವುದು? ಬಣ್ಣದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ, ಆ ಪಟ್ಟಿಯನ್ನೂ ಚಾರ್ಟಿನಲ್ಲಿ ಬರೆಯಿರಿ.