ಕುಂಜಿಬೆಟ್ಟಿನಲ್ಲಿ ಮಕ್ಕಳ ಬೇಸಿಗೆ ಶಿಬಿರ: ಹೆಸರು ಕೊಡಲು ಏಪ್ರಿಲ್ 12 ಕೊನೆಯ ದಿನ

ಏಪ್ರಿಲ್ 20ರ ಸೋಮವಾರದಿಂದ ಮೇ 2ರ ಶನಿವಾರದವರೆಗೆ, ಬೆಳಿಗ್ಗೆ 9ರಿಂದ 12.30. ಆದಿತ್ಯವಾರ ರಜೆ. ಜಾಗ ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯ ಅಂಗಳ ಮತ್ತು ಚಾವಡಿ.

7ರಿಂದ 13 ವರ್ಷದ 30 ಮಕ್ಕಳಿಗೆ ಮಾತ್ರ ಅವಕಾಶ. 7–9ರವರದು ಒಂದು ಗುಂಪು, 10–13ರವರದು ಇನ್ನೊಂದು. ಆರು ವರ್ಷದವರನ್ನು ಸೇರಿಸಬಹುದೇ ಎಂದು ಕೆಲವರು ಕೇಳಿದ್ದೀರಿ. ಅಷ್ಟು ಸಣ್ಣವರು ಮುಂದಿನ ವರ್ಷ ಬರಲಿ.

ದಿನ ಶುರುವಾಗುವುದು ಆಟದಿಂದ, ಬಿಸಿಲು ಏರುವ ಮೊದಲು: ಲಗೋರಿ, ಕಬಡ್ಡಿ, ಕುಂಟೆಬಿಲ್ಲೆ. ಹತ್ತೂವರೆಯ ನಂತರ ಎಲ್ಲರೂ ಚಾವಡಿಯೊಳಗೆ. ತೆಂಗಿನ ಗರಿಯಲ್ಲಿ ಗಿರಿಗಿಟ್ಲೆ, ಪೀಪಿ, ಬುಟ್ಟಿ ಮಾಡುವುದು, ಆವೆಮಣ್ಣಿನ ಕೆಲಸ, ಚೆನ್ನೆಮಣೆ, ಕಥೆ. ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆಯನ್ನೂ ಕಲಿಸುತ್ತೇವೆ. ಹನ್ನೆರಡು ದಿನದಲ್ಲಿ ಪ್ರಸಂಗ ಆಡಿಸಲು ಹೊರಟರೆ ಮಕ್ಕಳು ಮಾತು ಬಾಯಿಪಾಠ ಮಾಡುವುದರಲ್ಲೇ ಸುಸ್ತಾಗುತ್ತಾರೆ. ಏಕತಾಳಕ್ಕೆ ತಪ್ಪದೆ ಹೆಜ್ಜೆ ಹಾಕಿದರೆ ನಮಗೆ ಅದೇ ಸಂತೋಷ. ಒಂದು ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳಕ್ಕೆ ಹಕ್ಕಿ ನೋಡಲು ಹೋಗುತ್ತೇವೆ. ದಂಡೆಯ ದಾರಿಯಲ್ಲಿ ನಡಿಗೆ ಮಾತ್ರ, ನೀರಿನ ಹತ್ತಿರ ಬಿಡುವುದಿಲ್ಲ. ಈಜು, ಸಮುದ್ರಸ್ನಾನ ಈ ಶಿಬಿರದಲ್ಲಿಲ್ಲ.

ಮಕ್ಕಳನ್ನು ನಂಬಿ ಕಳುಹಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಾವಿಗೆ ಕಟ್ಟೆಯ ಮೇಲೆ ಕಬ್ಬಿಣದ ಬಲೆ ಹಾಕಿಸಿ ಬೀಗ ಜಡಿದಿದ್ದೇವೆ. ಅಂಗಳದ ಸುತ್ತಿನ ತೆಂಗಿನಮರಗಳಿಂದ ಕಾಯಿ, ಒಣ ಮಡಲುಗಳನ್ನು ಶಿಬಿರಕ್ಕೆ ಮೊದಲೇ ಇಳಿಸುತ್ತೇವೆ. ಗುಡುಗು ಕೇಳಿಸಿದ ಕೂಡಲೇ ಆಟ ಬಂದ್. ಆರು ಮಕ್ಕಳಿಗೆ ಒಬ್ಬರಂತೆ ಐವರು ದೊಡ್ಡವರು ಇರುತ್ತೇವೆ, ಅವರಲ್ಲಿ ಮೂವರು ಶಿಕ್ಷಕಿಯರು. ಮುಚ್ಚಿದ ಬಾಗಿಲ ಹಿಂದೆ ಯಾರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು ಎಂಬುದು ನಮ್ಮೆಲ್ಲರಿಗೂ ಕಟ್ಟುನಿಟ್ಟಿನ ನಿಯಮ. ಮಗುವನ್ನು ಕರೆದೊಯ್ಯುವ ಇಬ್ಬರ ಹೆಸರು ಮತ್ತು ಫೋಟೋ ಮೊದಲೇ ಕೊಡಿ. ಬೇರೆ ಯಾರು ಬಂದರೂ, ಸ್ವಂತ ಮಾವನೇ ಆದರೂ, ನಿಮಗೆ ಫೋನ್ ಮಾಡಿ ಕೇಳದೆ ಕಳುಹಿಸುವುದಿಲ್ಲ. ದಯವಿಟ್ಟು ಬೇಸರ ಮಾಡಬೇಡಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಚಾವಡಿಯಲ್ಲಿ, ಕಾರು ಗೇಟಿನ ಬಳಿ ಸದಾ ಸಿದ್ಧ. ನಿಮ್ಮ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೋ ಎಲ್ಲಿಯೂ ಹಾಕುವುದಿಲ್ಲ.

ತಿಂಡಿಗೆ ಮೊಸರವಲಕ್ಕಿ, ಬೇಯಿಸಿದ ಗೆಣಸು, ಹಣ್ಣು, ಕುಡಿಯಲು ಪುನರ್ಪುಳಿ ಶರಬತ್ತು. ನೆಲಗಡಲೆ, ಗೇರುಬೀಜ, ಹಾಲು ಆಗದಿದ್ದರೆ, ದಮ್ಮು ಅಥವಾ ಫಿಟ್ಸ್ ಇದ್ದರೆ, ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.

ಶುಲ್ಕ ಒಬ್ಬರಿಗೆ ₹1,800. ಅಣ್ಣ-ತಮ್ಮ, ಅಕ್ಕ-ತಂಗಿ ಒಟ್ಟಿಗೆ ಬಂದರೆ ಎರಡನೆಯವರಿಗೆ ₹1,500. ತಿಂಡಿ, ಸಾಮಾನು, ಮಣ್ಣಪಳ್ಳದ ಬಸ್ಸು ಎಲ್ಲ ಇದರಲ್ಲೇ. ಏಪ್ರಿಲ್ 15ರೊಳಗೆ ಬರುವುದಿಲ್ಲವೆಂದು ತಿಳಿಸಿದರೆ ಪೂರ್ತಿ ಹಣ ವಾಪಸ್. ನಾಲ್ಕು ಜಾಗಗಳನ್ನು ಶುಲ್ಕ ಕೊಡಲು ಕಷ್ಟವಿರುವ ಮನೆಯ ಮಕ್ಕಳಿಗೆ ಮೀಸಲಿಟ್ಟಿದ್ದೇವೆ. ಸಂಕೋಚಪಡದೆ ಒಂದು ಮಾತು ಹೇಳಿ, ವಿಷಯ ನಮ್ಮಲ್ಲೇ ಉಳಿಯುತ್ತದೆ.

ಈ ಸಂದೇಶ ಬಂದ ನಂಬರಿಗೇ ಮಗುವಿನ ಹೆಸರು, ವಯಸ್ಸು, ಶಾಲೆ ಬರೆದು ವಾಟ್ಸಾಪ್ ಮಾಡಿ. ಅರ್ಜಿ ತುಂಬಲು ಏಪ್ರಿಲ್ 12ರೊಳಗೆ ಒಂದು ಸಂಜೆ, 4ರಿಂದ 6ರ ನಡುವೆ, ಮಗುವನ್ನು ಕರೆದುಕೊಂಡೇ ಬನ್ನಿ. ಜಾಗ ನೀವೂ ನೋಡಿದಂತಾಗುತ್ತದೆ. ಶಿಬಿರಕ್ಕೆ ಬರುವಾಗ ಮಣ್ಣಾದರೂ ಪರವಾಗಿಲ್ಲ ಎನ್ನುವ ಹಳೆ ಬಟ್ಟೆ, ಟೊಪ್ಪಿ, ನೀರಿನ ಬಾಟ್ಲಿ ಸಾಕು. ಮೊಬೈಲ್ ಬೇಡ.