ಮಾರ್ಚ್ 11, ಬುಧವಾರ ನೀರು ಬರುವುದಿಲ್ಲ

ಎ ಮತ್ತು ಬಿ ಬ್ಲಾಕ್ ನಿವಾಸಿಗಳ ಗಮನಕ್ಕೆ,

ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್ ತೊಳೆಸುತ್ತಿದ್ದೇವೆ. ಹಾಗಾಗಿ 11-03-2026, ಬುಧವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಾವೇರಿ ನೀರು, ಬೋರ್‌ವೆಲ್ ನೀರು ಎರಡೂ ಬರುವುದಿಲ್ಲ. ಬೆಳಿಗ್ಗೆ 9.30ರೊಳಗೆ ಬೇಕಾದಷ್ಟು ಹಿಡಿದಿಟ್ಟುಕೊಳ್ಳಿ. ಬೇಸಿಗೆ ಅಲ್ವಾ, ಜಾಸ್ತಿ ತುಂಬಿಸಿ ಆಮೇಲೆ ಚೆಲ್ಲಬೇಡಿ.

ನಲ್ಲಿ ತಿರುಗಿಸಿ ನೀರು ಬರದಿದ್ದರೆ ಮರೆಯದೆ ಮುಚ್ಚಿ. ಮನೆಗೆ ಬೀಗ ಹಾಕಿ ಹೋಗುವವರಿಗಂತೂ ಇದು ಮುಖ್ಯ. ಕಳೆದ ಸಲ ಎರಡನೇ ಮಹಡಿಯ ಒಂದು ಮನೆಯಲ್ಲಿ ನೀರು ಹರಿದು ಕೆಳಗಿನ ಮನೆಯ ಸೀಲಿಂಗ್ ಹಾಳಾಯಿತು. ಗೀಸರ್ ಕೂಡ ಆಫ್ ಮಾಡಿ. ನೀರು ಬಿಟ್ಟ ಮೇಲೆ ಮೊದಲು ಸ್ವಲ್ಪ ಕೆಂಪಗೆ ಬರಬಹುದು. ಅದನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕಿ.

ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಗಳಿಗೆ ತುರ್ತಾಗಿ ನೀರು ಬೇಕಾದರೆ ಸೆಕ್ಯುರಿಟಿ ಗೇಟಿಗೆ ತಿಳಿಸಿ. ಎರಡು ಬಕೆಟ್ ತಲುಪಿಸುತ್ತೇವೆ.

ಕಾರ್ಯದರ್ಶಿ
ನಿವಾಸಿಗಳ ಸಂಘ
07-03-2026