ಉಪವಾಸದಲ್ಲಿ ಮತ್ತು ಊಟದ ನಂತರ ಇನ್ಸುಲಿನ್, ಗ್ಲುಕಗಾನ್ ಕೆಲಸ: ಮಾದರಿ ದೀರ್ಘ ಉತ್ತರ

ಪ್ರಶ್ನೆ (15 ಅಂಕ): 38 ವರ್ಷದ, 55 ಕೆಜಿ ತೂಕದ ಆರೋಗ್ಯವಂತ ಮಹಿಳೆ ದಶಮಿಯ ದಿನ ಮಧ್ಯಾಹ್ನ 1 ಗಂಟೆಗೆ ಊಟ ಮಾಡಿದರು. ಏಕಾದಶಿ ಇಡೀ ದಿನ ಬರೀ ನೀರು. ದ್ವಾದಶಿ ಬೆಳಿಗ್ಗೆ 7 ಗಂಟೆಗೆ ಅನ್ನ, ತೊವ್ವೆ, ಪಲ್ಯ, ಮಜ್ಜಿಗೆಯೊಂದಿಗೆ ಪಾರಣೆ ಮಾಡಿದರು. ಪಾರಣೆಗೆ ಮುಂಚೆ ರಕ್ತದ ಗ್ಲೂಕೋಸ್ ಡೆಸಿಲೀಟರ್‌ಗೆ 68 ಮಿ.ಗ್ರಾಂ ಇತ್ತು, ಮೂತ್ರದಲ್ಲಿ ಕೀಟೋನ್ ಕಾಣಿಸಿತ್ತು. ಊಟವಾಗಿ 1 ಗಂಟೆಗೆ ಗ್ಲೂಕೋಸ್ 152, 3 ಗಂಟೆಗೆ 94.

(ಅ) ಉಪವಾಸದಲ್ಲಿ ಮತ್ತು ಊಟದ ನಂತರ ಇನ್ಸುಲಿನ್, ಗ್ಲುಕಗಾನ್ ಹೇಗೆ ಕೆಲಸ ಮಾಡುತ್ತವೆ? ಹೋಲಿಸಿ ವಿವರಿಸಿ.
(ಆ) ಊಟವಾದ 1 ಗಂಟೆಗೆ ಗ್ಲೂಕೋಸ್ 152ಕ್ಕೆ ಏರಿದ್ದು ಏಕೆ?
(ಇ) ಟೈಪ್ 1 ಮಧುಮೇಹ ಇರುವವರು ಇನ್ಸುಲಿನ್ ಬಿಟ್ಟು ಇದೇ ಉಪವಾಸ ಮಾಡಿದರೆ ಏನಾಗುತ್ತದೆ?

ಉತ್ತರ

(ಅ) ಮೊದಲು ಲೆಕ್ಕ ನೋಡೋಣ. ಈ ಮಹಿಳೆಯ ಮೈಯಲ್ಲಿ ಸುಮಾರು 4 ಲೀಟರ್ ರಕ್ತ ಇದೆ ಎಂದುಕೊಳ್ಳಿ. ಡೆಸಿಲೀಟರ್‌ಗೆ 68 ಮಿ.ಗ್ರಾಂ ಎಂದರೆ ಅಷ್ಟೂ ರಕ್ತದಲ್ಲಿ ಇರುವ ಗ್ಲೂಕೋಸ್ 3 ಗ್ರಾಂ ಕೂಡ ಇಲ್ಲ. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ, ಅಂದರೆ ಗಂಟೆಗೆ 5 ಗ್ರಾಂ ಬೇಕು. ರಕ್ತದಲ್ಲಿರುವುದು ಅರ್ಧ ಗಂಟೆಗೆ ಮುಗಿದುಹೋಗಬೇಕಿತ್ತು. ಆದರೆ 42 ಗಂಟೆ ಕಳೆದರೂ ಅವರು ಆರಾಮಾಗಿ ಓಡಾಡಿಕೊಂಡಿದ್ದಾರೆ. ಹೊರಗಿನಿಂದ ಏನೂ ಬರದೇ ಇದ್ದರೂ ಒಳಗಿನಿಂದ ಗ್ಲೂಕೋಸ್ ಬರುತ್ತಲೇ ಇರುವುದು ಇದಕ್ಕೆ ಕಾರಣ. ಎಷ್ಟು ಬರಬೇಕು, ಎಲ್ಲಿಂದ ಬರಬೇಕು, ಯಾರಿಗೆ ಸಿಗಬೇಕು ಎನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಈ ಎರಡು ಹಾರ್ಮೋನ್‌ಗಳು.

ಎರಡೂ ಹುಟ್ಟುವುದು ಮೇದೋಜೀರಕ ಗ್ರಂಥಿಯಲ್ಲಿರುವ ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳಲ್ಲಿ. ಬೀಟಾ ಜೀವಕೋಶಗಳು ಇನ್ಸುಲಿನ್ ಸುರಿಸುತ್ತವೆ (51 ಅಮೈನೋ ಆಮ್ಲ, ಎರಡು ಸರಪಳಿ). ಆಲ್ಫಾ ಜೀವಕೋಶಗಳು ಗ್ಲುಕಗಾನ್ ಸುರಿಸುತ್ತವೆ (29 ಅಮೈನೋ ಆಮ್ಲ, ಒಂದೇ ಸರಪಳಿ). ಎರಡೂ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಹೋಗುತ್ತವೆ. ಹಾಗಾಗಿ ಲಿವರ್‌ಗೆ ತಲುಪುವ ಪ್ರಮಾಣ ಮೈಯ ಬೇರೆ ಭಾಗಗಳಿಗಿಂತ ಜಾಸ್ತಿ. ಅಲ್ಲಿ ಬರೀ ಇನ್ಸುಲಿನ್ ಎಷ್ಟಿದೆ ಎಂದು ನೋಡಿದರೆ ಸಾಲದು. ಇನ್ಸುಲಿನ್ ಮತ್ತು ಗ್ಲುಕಗಾನ್ ನಡುವಿನ ಅನುಪಾತ ಎಷ್ಟು ಎಂಬುದೇ ಮುಖ್ಯ.

*ಉಪವಾಸದಲ್ಲಿ*

ಊಟ ಅರಗಿ ಮುಗಿದ ಮೇಲೆ ಗ್ಲೂಕೋಸ್ ನಿಧಾನವಾಗಿ ಇಳಿಯುತ್ತದೆ. ಬೀಟಾ ಜೀವಕೋಶಗಳಿಗೆ ಪ್ರಚೋದನೆ ತಗ್ಗುತ್ತದೆ, ಇನ್ಸುಲಿನ್ ಕೆಳಗಿಳಿಯುತ್ತದೆ. ಪಕ್ಕದಲ್ಲೇ ಇರುವ ಆಲ್ಫಾ ಜೀವಕೋಶಗಳನ್ನು ಈ ಇನ್ಸುಲಿನ್ ಅದುಮಿ ಇಟ್ಟಿರುತ್ತದೆ. ಆ ಹಿಡಿತ ಸಡಿಲವಾದಾಗ ಗ್ಲುಕಗಾನ್ ಏರುತ್ತದೆ.

ಉಪವಾಸ ಎಂದರೆ ಪೂರ್ತಿ ಗ್ಲುಕಗಾನ್‌ನದ್ದೇ ಆಟ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಅದು ಅರ್ಧ ಮಾತ್ರ ನಿಜ. ಗ್ಲುಕಗಾನ್‌ನ ಮುಖ್ಯ ಕೆಲಸದ ಜಾಗ ಲಿವರ್. ಸ್ನಾಯುವಿನಲ್ಲಿ ಅದಕ್ಕೆ ಹೇಳಿಕೊಳ್ಳುವಷ್ಟು ಗ್ರಾಹಕಗಳೇ ಇಲ್ಲ. ಮನುಷ್ಯರ ಕೊಬ್ಬಿನ ಮೇಲೂ ಅದರ ನೇರ ಪ್ರಭಾವ ಕಡಿಮೆ. ಸ್ನಾಯುವಿನಲ್ಲಿ, ಕೊಬ್ಬಿನಲ್ಲಿ ನಡೆಯುವ ಬದಲಾವಣೆಗಳಿಗೆ ಇನ್ಸುಲಿನ್ ಇಳಿದದ್ದೇ ದೊಡ್ಡ ಕಾರಣ.

ಲಿವರ್‌ನಲ್ಲಿ ಗ್ಲುಕಗಾನ್ ತನ್ನ ಗ್ರಾಹಕಕ್ಕೆ ಅಂಟಿದಾಗ ಜಿ-ಪ್ರೋಟೀನ್ ಮೂಲಕ ಅಡಿನೈಲಿಲ್ ಸೈಕ್ಲೇಸ್ ಚುರುಕಾಗುತ್ತದೆ, ಸೈಕ್ಲಿಕ್ ಎಎಂಪಿ ಏರುತ್ತದೆ, ಪ್ರೋಟೀನ್ ಕೈನೇಸ್ ಎ ಎಚ್ಚರಗೊಳ್ಳುತ್ತದೆ. ಈ ಕೈನೇಸ್ ಒಂದೇ ಹೊಡೆತಕ್ಕೆ ಹಲವು ಕಿಣ್ವಗಳ ದಿಕ್ಕು ಬದಲಿಸುತ್ತದೆ. ಗ್ಲೂಕೋಸಿನ ದಾಸ್ತಾನಾದ ಗ್ಲೈಕೋಜನನ್ನು ಒಡೆಯುವ ಗ್ಲೈಕೋಜನ್ ಫಾಸ್ಫೊರಿಲೇಸ್ ಕೆಲಸ ಶುರುಮಾಡುತ್ತದೆ, ಅದನ್ನು ಕಟ್ಟುವ ಗ್ಲೈಕೋಜನ್ ಸಿಂಥೇಸ್ ನಿಲ್ಲುತ್ತದೆ. ಗ್ಲೈಕೋಜನ್ ಒಡೆದು ಬಂದ ಗ್ಲೂಕೋಸ್-6-ಫಾಸ್ಫೇಟನ್ನು ಗ್ಲೂಕೋಸ್-6-ಫಾಸ್ಫಟೇಸ್ ಬರೀ ಗ್ಲೂಕೋಸ್ ಆಗಿಸಿ ರಕ್ತಕ್ಕೆ ಹೋಗುವಂತೆ ಮಾಡುತ್ತದೆ. ಸ್ನಾಯುವಿನಲ್ಲಿ ಈ ಕೊನೆಯ ಕಿಣ್ವ ಇಲ್ಲ. ಆದ್ದರಿಂದ ಸ್ನಾಯುವಿನಲ್ಲಿ 300–400 ಗ್ರಾಂ ಗ್ಲೈಕೋಜನ್ ಇದ್ದರೂ ಅದು ನೇರವಾಗಿ ರಕ್ತಕ್ಕೆ ಬರುವುದಿಲ್ಲ.

ಲಿವರ್‌ನ ಗ್ಲೈಕೋಜನ್ ಚೆನ್ನಾಗಿ ಉಂಡ ಮೇಲೂ ಸುಮಾರು 100 ಗ್ರಾಂ ಅಷ್ಟೇ. ಈ ಮಹಿಳೆಯ ಉಪವಾಸದಲ್ಲಿ ಮೊದಲ ಒಂದು ದಿನಕ್ಕೆ ಅದು ಹೆಚ್ಚುಕಡಿಮೆ ಖಾಲಿ. ಉಳಿದ ಹೊತ್ತನ್ನು ದಾಟಿಸಿದ್ದು ಗ್ಲೂಕೋನಿಯೋಜೆನೆಸಿಸ್, ಅಂದರೆ ಸಕ್ಕರೆಯಲ್ಲದ ವಸ್ತುಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿ. ಇದು ಗ್ಲೈಕೋಜನ್ ಮುಗಿದ ಮೇಲೆ ಶುರುವಾಗುವುದಲ್ಲ. ಒಂದು ರಾತ್ರಿಯ ಉಪವಾಸದಲ್ಲೇ ಲಿವರ್ ಬಿಡುವ ಗ್ಲೂಕೋಸಿನಲ್ಲಿ ಸುಮಾರು ಅರ್ಧ ಇದರ ಪಾಲು. ಗ್ಲೈಕೋಜನ್ ಕರಗುತ್ತಾ ಹೋದಂತೆ ಈ ಪಾಲು ಏರುತ್ತಾ ಹೋಗುತ್ತದೆ.

ಇದಕ್ಕೆ ಕಚ್ಚಾ ಸಾಮಾನು ಬೇಕಲ್ವಾ? ಕೆಂಪು ರಕ್ತಕಣಗಳಿಂದ ಲ್ಯಾಕ್ಟೇಟ್, ಕೊಬ್ಬು ಒಡೆದಾಗ ಗ್ಲಿಸರಾಲ್, ಸ್ನಾಯುವಿನ ಪ್ರೋಟೀನ್ ಕರಗಿದಾಗ ಅಲನೈನ್ ಮೊದಲಾದ ಅಮೈನೋ ಆಮ್ಲಗಳು ಬರುತ್ತವೆ. ಗ್ಲಿಸರಾಲ್, ಅಲನೈನ್ ಹೆಚ್ಚಾಗಿ ಹೊರಬೀಳಲು ಮುಖ್ಯ ಕಾರಣ ಇನ್ಸುಲಿನ್ ಕಡಿಮೆಯಾಗಿರುವುದು. ಬಂದದ್ದನ್ನು ಎಳೆದುಕೊಂಡು ಗ್ಲೂಕೋಸ್ ಮಾಡುವಂತೆ ಲಿವರ್ ಅನ್ನು ಸಜ್ಜು ಮಾಡುವುದು ಗ್ಲುಕಗಾನ್. ಅದು ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟ್ ಮಟ್ಟವನ್ನು ಇಳಿಸುತ್ತದೆ. ಇದರಿಂದ ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್ ತಗ್ಗಿ, ವಿರುದ್ಧ ದಿಕ್ಕಿನ ಹಾದಿ ತೆರೆದುಕೊಳ್ಳುತ್ತದೆ.

ಇನ್ನು ಕೊಬ್ಬು. ಇನ್ಸುಲಿನ್ ಇಳಿದಾಗ ಕೊಬ್ಬಿನ ಜೀವಕೋಶಗಳಲ್ಲಿ ಹಾರ್ಮೋನ್ ಸೆನ್ಸಿಟಿವ್ ಲೈಪೇಸ್ ಮೇಲಿದ್ದ ತಡೆ ಹೋಗುತ್ತದೆ, ಕೊಬ್ಬಿನಾಮ್ಲಗಳು ರಕ್ತಕ್ಕೆ ಬರುತ್ತವೆ. ಸ್ನಾಯು, ಹೃದಯ ಇವನ್ನೇ ಉರಿಸಿ ಗ್ಲೂಕೋಸನ್ನು ಮೆದುಳಿಗೆ ಬಿಟ್ಟುಕೊಡುತ್ತವೆ. ಸ್ನಾಯುವಿನಲ್ಲಿ ಗ್ಲುಟ್-4 ಸಾಗಣೆ ಪ್ರೋಟೀನ್ ಇನ್ಸುಲಿನ್ ಸಾಲದೆ ಜೀವಕೋಶದ ಒಳಗೇ ಉಳಿಯುವುದರಿಂದ ಗ್ಲೂಕೋಸ್ ಒಳಹೋಗುವುದೂ ಕಡಿಮೆ. ಮೆದುಳಿನ ಗ್ಲುಟ್-1, ಗ್ಲುಟ್-3ಕ್ಕೆ ಇನ್ಸುಲಿನ್ ಅಪ್ಪಣೆ ಬೇಕಿಲ್ಲ.

ಲಿವರ್‌ಗೆ ಬಂದ ಕೊಬ್ಬಿನಾಮ್ಲಗಳ ಕಥೆ ಬೇರೆ. ಗ್ಲುಕಗಾನ್ ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸನ್ನು ತಡೆಯುವುದರಿಂದ ಮಲೋನಿಲ್-ಕೋಎ ಇಳಿಯುತ್ತದೆ. ಅದು ಇಳಿದರೆ ಕಾರ್ನಿಟೀನ್ ಬಾಗಿಲು ತೆರೆಯುತ್ತದೆ, ಕೊಬ್ಬಿನಾಮ್ಲ ಮೈಟೋಕಾಂಡ್ರಿಯಾಕ್ಕೆ ನುಗ್ಗುತ್ತದೆ. ಅಲ್ಲಿ ಹುಟ್ಟುವ ಅಸಿಟೈಲ್-ಕೋಎ ಎರಡು ಕೆಲಸ ಮಾಡುತ್ತದೆ. ಪೈರುವೇಟ್ ಕಾರ್ಬಾಕ್ಸಿಲೇಸನ್ನು ಚುರುಕುಗೊಳಿಸಿ ಗ್ಲೂಕೋಸ್ ತಯಾರಿಗೆ ನೆರವಾಗುತ್ತದೆ, ಹೆಚ್ಚಾದದ್ದು ಕೀಟೋನ್ ಆಗುತ್ತದೆ. ದ್ವಾದಶಿ ಬೆಳಿಗ್ಗೆ ಮೂತ್ರದಲ್ಲಿ ಕಂಡದ್ದು ಇದೇ. ಇಲ್ಲಿ ಅದು ರೋಗದ ಗುರುತಲ್ಲ. ಕೀಟೋನನ್ನು ತಯಾರಿಸುವ ಲಿವರ್‌ಗೆ ಅದನ್ನು ಬಳಸಲು ಬರುವುದಿಲ್ಲ, ಸ್ನಾಯು, ಹೃದಯ ಮತ್ತು ಮೆದುಳು ಬಳಸುತ್ತವೆ. ಉಪವಾಸ ವಾರಗಟ್ಟಲೆ ಎಳೆದರೆ ಮೆದುಳಿನ ಇಂಧನದಲ್ಲಿ ಅರ್ಧಕ್ಕಿಂತ ಜಾಸ್ತಿ ಕೀಟೋನೇ ಆಗುತ್ತದೆ, ಸ್ನಾಯು ಕರಗುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಇಷ್ಟೆಲ್ಲ ನಡೆಯುವಾಗಲೂ ಇನ್ಸುಲಿನ್ ಸೊನ್ನೆ ಆಗಿರುವುದಿಲ್ಲ. ಸ್ವಲ್ಪ ಉಳಿದೇ ಇರುತ್ತದೆ. ಕೊಬ್ಬು ಮಿತಿಮೀರಿ ಕರಗದಂತೆ ಆ ಸ್ವಲ್ಪವೇ ಕಾಯುತ್ತದೆ. (ಇ) ಭಾಗಕ್ಕೆ ಇದೇ ಕೀಲಿಕೈ.

*ಊಟದ ನಂತರ*

ಅನ್ನದ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಬೀಟಾ ಜೀವಕೋಶದೊಳಗೆ ಹೋದ ಗ್ಲೂಕೋಸನ್ನು ಗ್ಲುಕೋಕೈನೇಸ್ ಹಿಡಿದು ಉರಿಯುವ ಹಾದಿಗೆ ಹಚ್ಚುತ್ತದೆ. ಎಟಿಪಿ ಏರಿದಾಗ ಪೊಟ್ಯಾಸಿಯಂ ದ್ವಾರ ಮುಚ್ಚುತ್ತದೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಇದಕ್ಕೆ ಕರುಳಿನ ಜಿಎಲ್‌ಪಿ-1, ಜಿಐಪಿ ಹಾರ್ಮೋನ್‌ಗಳ ಒತ್ತಾಸೆಯೂ ಇದೆ. ಅದಕ್ಕೇ ಅಷ್ಟೇ ಗ್ಲೂಕೋಸನ್ನು ಸೂಜಿಯಲ್ಲಿ ಕೊಟ್ಟದ್ದಕ್ಕಿಂತ ಬಾಯಲ್ಲಿ ಕೊಟ್ಟಾಗ ಇನ್ಸುಲಿನ್ ಹೆಚ್ಚು ಬರುತ್ತದೆ.

ಇನ್ಸುಲಿನ್ ಗ್ರಾಹಕ ಟೈರೋಸಿನ್ ಕೈನೇಸ್ ಜಾತಿಯದು. ಐಆರ್‌ಎಸ್, ಪಿಐ-3 ಕೈನೇಸ್, ಎಕೆಟಿ ಎಂಬ ಸರಣಿಯಲ್ಲಿ ಸಂದೇಶ ಸಾಗಿ, ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಲ್ಲಿ ಗ್ಲುಟ್-4 ಪೊರೆಗೆ ಬಂದು ಕೂರುತ್ತದೆ. ಲಿವರ್‌ನ ಗ್ಲುಟ್-2 ಯಾವಾಗಲೂ ತೆರೆದೇ ಇರುತ್ತದೆ. ಅಲ್ಲಿ ಇನ್ಸುಲಿನ್ ಗ್ಲುಕೋಕೈನೇಸನ್ನು ಹೆಚ್ಚಿಸಿ, ಒಳಬಂದ ಗ್ಲೂಕೋಸ್ ಮತ್ತೆ ಹೊರಹೋಗದಂತೆ ಹಿಡಿಯುತ್ತದೆ.

ಲಿವರ್‌ನಲ್ಲಿ ಆಗುವ ತಿರುವು ಇದು:

| ಲಿವರ್‌ನಲ್ಲಿ | ಪಾರಣೆಗೆ ಮುಂಚೆ | ಪಾರಣೆಯ ನಂತರ |
|---|---|---|
| ಸೈಕ್ಲಿಕ್ ಎಎಂಪಿ | ಹೆಚ್ಚು | ಕಡಿಮೆ |
| ಗ್ಲೈಕೋಜನ್ ಸಿಂಥೇಸ್ | ನಿಷ್ಕ್ರಿಯ | ಚುರುಕು |
| ಫ್ರಕ್ಟೋಸ್-2,6-ಬಿಸ್‌ಫಾಸ್ಫೇಟ್ | ಕಡಿಮೆ | ಹೆಚ್ಚು |
| ಮಲೋನಿಲ್-ಕೋಎ | ಕಡಿಮೆ | ಹೆಚ್ಚು |
| ಕೀಟೋನ್ ತಯಾರಿ | ಜೋರು | ನಿಲ್ಲುತ್ತಾ ಬರುತ್ತದೆ |

ಕೊಬ್ಬಿನ ಜೀವಕೋಶಗಳಲ್ಲಿ ಲೈಪೋಪ್ರೋಟೀನ್ ಲೈಪೇಸ್ ಏರಿ, ಊಟದ ಕೊಬ್ಬು ಅಲ್ಲಿ ಶೇಖರವಾಗುತ್ತದೆ. ಒಡೆಯುವ ಲೈಪೇಸ್‌ಗೆ ತಡೆ ಬೀಳುತ್ತದೆ. ಕೊಬ್ಬು ಒಡೆಯುವುದನ್ನು ತಡೆಯಲು ತೀರಾ ಕಡಿಮೆ ಇನ್ಸುಲಿನ್ ಸಾಕು, ಸ್ನಾಯುವಿಗೆ ಗ್ಲೂಕೋಸ್ ತುಂಬಲು ಅದಕ್ಕಿಂತ ಬಹಳ ಜಾಸ್ತಿ ಬೇಕು. ಸ್ನಾಯುವಿನಲ್ಲಿ ಗ್ಲೈಕೋಜನ್ ಮತ್ತು ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುತ್ತದೆ. ಪೊಟ್ಯಾಸಿಯಂ ಕೂಡ ಜೀವಕೋಶದೊಳಗೆ ಹೋಗುತ್ತದೆ.

ಊಟವಾದ ಮೇಲೆ ಗ್ಲುಕಗಾನ್ ಇಳಿಯುತ್ತದೆ ಎಂದು ಸುಮ್ನೆ ಒಂದು ಸಾಲು ಬರೆದು ಮುಗಿಸುವಂತಿಲ್ಲ. ಅನ್ನದ ಗ್ಲೂಕೋಸ್ ಅದನ್ನು ಇಳಿಸುತ್ತದೆ ನಿಜ, ಆದರೆ ತೊವ್ವೆಯ ಅಮೈನೋ ಆಮ್ಲಗಳು ಇನ್ಸುಲಿನ್ ಜೊತೆಗೆ ಗ್ಲುಕಗಾನನ್ನೂ ಪ್ರಚೋದಿಸುತ್ತವೆ. ಬರೀ ಪ್ರೋಟೀನ್ ತಿಂದಾಗ ಇದರ ಬೆಲೆ ಗೊತ್ತಾಗುತ್ತದೆ. ಆಗ ಇನ್ಸುಲಿನ್ ಏರುತ್ತದೆ, ಆದರೆ ಹೊರಗಿನಿಂದ ಗ್ಲೂಕೋಸ್ ಬಂದಿರುವುದಿಲ್ಲ. ಗ್ಲುಕಗಾನ್ ಕೂಡ ಏರದಿದ್ದರೆ ರಕ್ತದ ಗ್ಲೂಕೋಸ್ ಕುಸಿದುಹೋಗುತ್ತಿತ್ತು. ಈ ಪಾರಣೆಯಲ್ಲಿ ಅನ್ನದ ಪಾಲೇ ದೊಡ್ಡದು. ಹಾಗಾಗಿ ಒಟ್ಟಿನಲ್ಲಿ ಅನುಪಾತ ಇನ್ಸುಲಿನ್ ಕಡೆಗೇ ವಾಲುತ್ತದೆ.

(ಆ) ಪ್ರತಿದಿನ ಉಣ್ಣುವವರಲ್ಲಿ ಇಷ್ಟೇ ಊಟಕ್ಕೆ ಏರಿಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಇಲ್ಲಿ ಸ್ನಾಯುಗಳು ಒಂದೂವರೆ ದಿನದಿಂದ ಕೊಬ್ಬಿನಾಮ್ಲ ಉರಿಸಿ ಒಗ್ಗಿಹೋಗಿವೆ. ರಕ್ತದಲ್ಲಿ ಕೊಬ್ಬಿನಾಮ್ಲ ಇನ್ನೂ ಹೆಚ್ಚಿರುವುದರಿಂದ ಅವು ಇನ್ಸುಲಿನ್ ಮಾತಿಗೆ ತಕ್ಷಣ ಓಗೊಡುವುದಿಲ್ಲ. ದೀರ್ಘ ಉಪವಾಸದ ನಂತರ ಬೀಟಾ ಜೀವಕೋಶಗಳ ಮೊದಲ ಸ್ಪಂದನೆಯೂ ಮಂದ. ಲಿವರ್ ಕೂಡ ಗ್ಲೂಕೋಸ್ ತಯಾರಿಯನ್ನು ಸ್ವಿಚ್ ಒತ್ತಿದಂತೆ ನಿಲ್ಲಿಸುವುದಿಲ್ಲ. ತಯಾರಾದ ಗ್ಲೂಕೋಸ್-6-ಫಾಸ್ಫೇಟನ್ನು ರಕ್ತಕ್ಕೆ ಬಿಡುವ ಬದಲು ನಿಧಾನವಾಗಿ ಗ್ಲೈಕೋಜನ್ ಕಡೆಗೆ ತಿರುಗಿಸುತ್ತದೆ. 3 ಗಂಟೆಗೆ 94ಕ್ಕೆ ಇಳಿದಿರುವುದರಿಂದ ಇದು ತಾತ್ಕಾಲಿಕ ಎಂಬುದು ಸ್ಪಷ್ಟ. 152 ಒಂದನ್ನೇ ನೋಡಿ ಮಧುಮೇಹ ಎಂದು ಹೇಳುವಂತಿಲ್ಲ. ಮೂತ್ರದಲ್ಲಿ ಗ್ಲೂಕೋಸ್ ಕಾಣುವ ಮಿತಿ ಸುಮಾರು 180. ಅದನ್ನೂ ಇದು ಮುಟ್ಟಿಲ್ಲ.

(ಇ) ಟೈಪ್ 1 ಮಧುಮೇಹದಲ್ಲಿ ಬೀಟಾ ಜೀವಕೋಶಗಳು ನಾಶವಾಗಿರುತ್ತವೆ. ಸೂಜಿಯ ಇನ್ಸುಲಿನ್ ನಿಲ್ಲಿಸಿದರೆ ಮೇಲೆ ಹೇಳಿದ ಆ ಸ್ವಲ್ಪ ಇನ್ಸುಲಿನ್ ಕೂಡ ಇರುವುದಿಲ್ಲ, ಗ್ಲುಕಗಾನ್‌ಗೆ ಹಿಡಿತವೂ ಇಲ್ಲ. ಏನೂ ತಿನ್ನದಿದ್ದರೂ ಲಿವರ್ ಗ್ಲೂಕೋಸ್ ಸುರಿಸುತ್ತಲೇ ಹೋಗುತ್ತದೆ, ಸ್ನಾಯು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 180 ದಾಟಿದ ಗ್ಲೂಕೋಸ್ ನೀರು, ಸೋಡಿಯಂ, ಪೊಟ್ಯಾಸಿಯಂಗಳನ್ನು ಎಳೆದುಕೊಂಡು ಮೂತ್ರದಲ್ಲಿ ಹೋಗುತ್ತದೆ. ಕೊಬ್ಬು ಕರಗುವುದಕ್ಕೆ ಮಿತಿಯೇ ಇರುವುದಿಲ್ಲ. ಆರೋಗ್ಯವಂತರ ಉಪವಾಸದಲ್ಲಿ ಹಿತಮಿತವಾಗಿದ್ದ ಕೀಟೋನ್ ಇಲ್ಲಿ ರಕ್ತವನ್ನು ಆಮ್ಲೀಯ ಮಾಡುತ್ತದೆ. ಬೈಕಾರ್ಬೊನೇಟ್ ಕುಸಿಯುತ್ತದೆ, ಉಸಿರಾಟ ಆಳವಾಗಿ ಜೋರಾಗುತ್ತದೆ, ವಾಂತಿ, ಹೊಟ್ಟೆನೋವು ಬರುತ್ತದೆ. ಇದೇ ಮಧುಮೇಹದ ಕೀಟೋಆಸಿಡೋಸಿಸ್, ಜೀವಕ್ಕೇ ಅಪಾಯ. ಆದ್ದರಿಂದ ಇಂಥವರು ವೈದ್ಯರನ್ನು ಕೇಳದೆ ಇಂಥ ಉಪವಾಸಕ್ಕೆ ಇಳಿಯಬಾರದು. ಊಟ ಬಿಟ್ಟಾಗ ಊಟದ ಡೋಸ್ ಬಿಡಬಹುದು, ದೀರ್ಘಕಾಲ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಮಾತ್ರ ಪೂರ್ತಿ ನಿಲ್ಲಿಸುವಂತಿಲ್ಲ. ಅದರ ಪ್ರಮಾಣವನ್ನು ವೈದ್ಯರು ಇಳಿಸಬಹುದು.